ಇಳಿಜಾರು ಮಾಡಿಗೆ ಎಷ್ಟು ಶೀಟು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಶೀಟಿನ ಲೆಕ್ಕ ಕೇಳಿಕೊಂಡು ಬರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಅವನ್ನು ಕೇಳಿದ ಮಾತಿನಲ್ಲೇ ಇಲ್ಲಿ ಬರೆದುಕೊಂಡಿದ್ದೇನೆ. ಉದಾಹರಣೆಗೆ ಒಂದೇ ಕಟ್ಟಡ ಇಟ್ಟುಕೊಳ್ಳೋಣ. ಗೋಡೆಯ ಹೊರ ಅಂಚಿನಿಂದ ಹೊರ ಅಂಚಿಗೆ ಉದ್ದ 40 ಅಡಿ, ಅಗಲ 20 ಅಡಿ. ನೆತ್ತಿ ಉದ್ದಕ್ಕೂ ನಡುವೆ ಹಾದುಹೋಗುತ್ತದೆ, ಮಾಡು ಎರಡೂ ಕಡೆ ಇಳಿಯುತ್ತದೆ. ಗೋಡೆಯ ಮಟ್ಟದಿಂದ ನೆತ್ತಿಯ ಎತ್ತರ 4 ಅಡಿ. ಸೂರು ಗೋಡೆಯಿಂದ ಒಂದೂವರೆ ಅಡಿ ಹೊರಗೆ ಚಾಚಿದೆ, ಎರಡು ತುದಿಗಳಲ್ಲಿ ಒಂದೊಂದು ಅಡಿ ಚಾಚಿದೆ. ಶೀಟಿನ ಪೂರ್ತಿ ಅಗಲ 42 ಇಂಚು. ಪಕ್ಕದ ಶೀಟಿನ ಮೇಲೆ ಕೂರುವ ಭಾಗ ಕಳೆದರೆ ಮುಚ್ಚುವ ಅಗಲ 39 ಇಂಚು.

## ಮೊದಲ ಪ್ರಶ್ನೆಗಳು

ನೆಲದ ಚದರಡಿಯನ್ನು ಒಂದು ಶೀಟಿನ ಚದರಡಿಯಿಂದ ಭಾಗಿಸಿದರೆ ಸಾಕಲ್ವಾ?

ಸಾಲದು. ಎಷ್ಟು ಕಡಿಮೆ ಬೀಳುತ್ತದೆ ಅಂತ ನೋಡಿ. ನೆಲ 40 × 20, ಅಂದರೆ 800 ಚದರಡಿ. ಹನ್ನೆರಡೂವರೆ ಅಡಿ ಉದ್ದ, ಮೂರೂವರೆ ಅಡಿ ಅಗಲದ ಶೀಟು 43.75 ಚದರಡಿ. ಭಾಗಿಸಿದರೆ 18.3 ಬರುತ್ತದೆ. 19 ಶೀಟು ಸಾಕು ಅನ್ನಿಸುತ್ತದೆ.

ಇನ್ನು ಸ್ವಲ್ಪ ಜಾಗ್ರತೆಯವರು ಇಳಿಜಾರನ್ನೂ ಹೊರಚಾಚನ್ನೂ ಸೇರಿಸುತ್ತಾರೆ. ಆಗ ಮಾಡಿನ ನಿಜವಾದ ಮೈ 1,040 ಚದರಡಿ ಆಗುತ್ತದೆ. ಲೆಕ್ಕ 24 ಶೀಟಿಗೆ ಬರುತ್ತದೆ. ಅದೂ ತಪ್ಪು. ಈ ಮಾಡಿಗೆ ಬೇಕಾಗಿರುವುದು 26.

ಕೊನೆಯ ಎರಡು ಶೀಟು ಓವರ್‌ಲ್ಯಾಪಿನಲ್ಲಿ ಮತ್ತು ಅಂಚಿನ ಪೂರ್ತಿ ಶೀಟಿನಲ್ಲಿ ಹೋಗುತ್ತವೆ. ಕಾಲು ಶೀಟು ಕೊಳ್ಳಲು ಬರುವುದಿಲ್ಲವಲ್ಲ. ಅದಕ್ಕೇ ನಾನು ಚದರಡಿಯನ್ನು ಮರೆತುಬಿಡಿ ಅನ್ನುತ್ತೇನೆ. ಎರಡೇ ಪ್ರಶ್ನೆ ಕೇಳಿಕೊಳ್ಳಿ. ನೆತ್ತಿಯಿಂದ ಸೂರಿಗೆ ಶೀಟು ಎಷ್ಟು ಉದ್ದ ಇರಬೇಕು? ಒಂದು ಇಳಿಜಾರಿಗೆ ಅಂಥ ಎಷ್ಟು ಸಾಲು ಬೇಕು? ಉತ್ತರ ಸಿಕ್ಕರೆ ಆರ್ಡರ್ ಚೀಟಿ ಬರೆಯಬಹುದು.

ಇಳಿಜಾರು ಎಷ್ಟಿದೆ ಅಂತ ಹೇಗೆ ಕಂಡುಹಿಡಿಯೋದು? ಡಿಗ್ರಿ ಗೊತ್ತಿರಬೇಕಾ?

ಡಿಗ್ರಿ ಬೇಕಿಲ್ಲ. ಅಡ್ಡಕ್ಕೆ ಎಷ್ಟು ಹೋದರೆ ಮೇಲಕ್ಕೆ ಎಷ್ಟು ಏರುತ್ತದೆ ಅನ್ನುವುದು ಸಾಕು. ನಮ್ಮ ಕಟ್ಟಡದ ಅಗಲ 20 ಅಡಿ, ನೆತ್ತಿ ನಡುವೆ ಇದೆ. ಹಾಗಾಗಿ ಅಡ್ಡ ದೂರ 10 ಅಡಿ, ಏರು 4 ಅಡಿ. ನಾಲ್ಕನ್ನು ಹತ್ತರಿಂದ ಭಾಗಿಸಿದರೆ 0.4. ಇದೇ ಇಳಿಜಾರು.

ಮಾಡಿನ ಚೌಕಟ್ಟು ಆಗಲೇ ನಿಂತಿದ್ದರೆ ಒಂದು ಮಟ್ಟಗೋಲನ್ನು ರಾಫ್ಟರ್ ಪಕ್ಕ ಅಡ್ಡಕ್ಕೆ ಹಿಡಿಯಿರಿ. ಕೋಲಿನ ಒಂದು ತುದಿ ರಾಫ್ಟರಿಗೆ ತಾಗಿರಲಿ. ಗುಳ್ಳೆ ನಡುವೆ ನಿಂತಾಗ, ಆ ತುದಿಯಿಂದ 20 ಇಂಚು ದೂರದಲ್ಲಿ ಕೋಲಿಗೂ ರಾಫ್ಟರಿಗೂ ನೇರ ಮೇಲೆ ಕೆಳಗೆ ಎಷ್ಟು ಅಂತರ ಇದೆ ಅಂತ ಅಳೆಯಿರಿ. 8 ಇಂಚು ಬಂದರೆ ಅದೇ 0.4.

ಒಂದು ಎಚ್ಚರ. ಶೇಕಡಾ ಮತ್ತು ಡಿಗ್ರಿ ಒಂದೇ ಅಲ್ಲ. ನಕ್ಷೆಯಲ್ಲಿ ಇಳಿಜಾರು 20 ಶೇಕಡಾ ಅಂತ ಇದ್ದರೆ ಅದು ಸುಮಾರು 11 ಡಿಗ್ರಿ. 20 ಡಿಗ್ರಿ ಅಂತ ಇದ್ದರೆ ಅದು 36 ಶೇಕಡಾ. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಶೀಟಿನ ಉದ್ದವೂ ತಪ್ಪುತ್ತದೆ, ಎಷ್ಟು ಓವರ್‌ಲ್ಯಾಪ್ ಬೇಕು ಅನ್ನುವುದೂ ತಪ್ಪುತ್ತದೆ.

ಇಳಿಜಾರು ಗೊತ್ತಾಯ್ತು. ಈಗ ಶೀಟಿನ ಉದ್ದ ಹೇಗೆ ತೆಗೆಯೋದು?

ಅಡ್ಡ ದೂರವನ್ನು ಒಂದು ಗುಣಕದಿಂದ ಗುಣಿಸಬೇಕು. ಆ ಗುಣಕ ಹೀಗೆ ಬರುತ್ತದೆ:

```
sqrt(1 + 0.4 * 0.4) = 1.077
```

0.4 ಇರುವ ಜಾಗದಲ್ಲಿ ನಿಮ್ಮ ಇಳಿಜಾರನ್ನು ಹಾಕಿ. ಇಳಿಜಾರು 0.2 ಆದರೆ ಗುಣಕ 1.02. 0.3 ಆದರೆ 1.044. 0.5 ಆದರೆ 1.118. ಅಡ್ಡದಷ್ಟೇ ಏರಿದರೆ, ಅಂದರೆ 45 ಡಿಗ್ರಿಯಲ್ಲಿ, 1.414.

ನಮ್ಮ ಕಟ್ಟಡದಲ್ಲಿ ಗೋಡೆಯವರೆಗೆ 10 ಅಡಿ, ಹೊರಚಾಚು ಒಂದೂವರೆ. ಒಟ್ಟು ಅಡ್ಡ ದೂರ 11.5 ಅಡಿ. ಅದನ್ನು 1.077ರಿಂದ ಗುಣಿಸಿದರೆ 12.39 ಅಡಿ, ಅಂದರೆ 12 ಅಡಿ ನಾಲ್ಕೂವರೆ ಇಂಚಿನ ಮೇಲೆ ಚೂರು. ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುವ ಕಡೆ ಹನ್ನೆರಡೂವರೆ ಅಡಿ ಅಂತ ಬರೆಸಿ.

ತಗ್ಗು ಮಾಡಿನಲ್ಲಿ ಇಳಿಜಾರಿನಿಂದ ಉದ್ದ ಹೆಚ್ಚುವುದು ತೀರಾ ಕಡಿಮೆ ಅನ್ನುವುದನ್ನು ಗಮನಿಸಿ. 0.2ಕ್ಕೆ ನೂರಕ್ಕೆ ಎರಡೇ ಪಾಲು. ಇಳಿಜಾರಿನ ಲೆಕ್ಕಕ್ಕೆ ತಲೆ ಕೆಡಿಸಿಕೊಂಡು ಹೊರಚಾಚನ್ನು ಮರೆಯುವವರೇ ಜಾಸ್ತಿ. ನಮ್ಮ ಲೆಕ್ಕದಲ್ಲಿ ಆ ಒಂದೂವರೆ ಅಡಿ ಬಿಟ್ಟರೆ ಶೀಟು ಒಂದು ಅಡಿ ಏಳು ಇಂಚು ಗಿಡ್ಡ ಬೀಳುತ್ತದೆ.

ವರ್ಗಮೂಲ ಗಿರ್ಗಮೂಲ ನಮಗೆ ಬರಲ್ಲ. ಬೇರೆ ದಾರಿ ಇಲ್ವಾ?

ಇದೆ. ರಾಫ್ಟರ್ ನಿಂತಿದ್ದರೆ ನೆತ್ತಿಯಿಂದ ಸೂರಿನ ತುದಿಗೆ ಟೇಪು ಹಿಡಿಯಿರಿ. ಅದೇ ಉದ್ದ. ನಿಜ ಹೇಳಬೇಕೆಂದರೆ ಲೆಕ್ಕಕ್ಕಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ಇನ್ನೂ ನಿಂತಿಲ್ಲ ಅಂದರೆ ನೆಲದ ಮೇಲೆ ಮೂಲೆಮಟ್ಟ ಇಟ್ಟು ಎರಡು ಗೆರೆ ಎಳೆಯಿರಿ. ಒಂದು 10 ಅಡಿ, ಅದಕ್ಕೆ ಲಂಬವಾಗಿ ಇನ್ನೊಂದು 4 ಅಡಿ. ಎರಡರ ತುದಿಗಳ ನಡುವೆ ಟೇಪು ಹಿಡಿದರೆ ಗೋಡೆಯಿಂದ ನೆತ್ತಿಯವರೆಗಿನ ಇಳಿಜಾರು ಉದ್ದ ಸಿಗುತ್ತದೆ, 10 ಅಡಿ 9 ಇಂಚು. ಹೊರಚಾಚಿಗೆ ಆ ಓರೆ ಗೆರೆಯನ್ನೇ ಮುಂದಕ್ಕೆ ಎಳೆಯಿರಿ. ಅಡ್ಡಕ್ಕೆ ಒಂದೂವರೆ ಅಡಿ ಸರಿದ ಜಾಗದಲ್ಲಿ ನಿಲ್ಲಿಸಿ.

ಒಂದು ಕಡೆಗೆ ಎಷ್ಟು ಸಾಲು ಬೇಕು? 42 ಅಡಿಯನ್ನು ಮೂರೂವರೆಯಿಂದ ಭಾಗಿಸಿದೆ, ಸರಿಯಾಗಿ 12 ಬಂತು.

ಸರಿಯಾಗಿ ಬಂದದ್ದಕ್ಕೇ ಅನುಮಾನ ಬರಬೇಕು. ಮೂರೂವರೆ ಅಡಿ ಶೀಟಿನ ಪೂರ್ತಿ ಅಗಲ. ಮಾಡಿನ ಮೇಲೆ ಆ ಅಗಲ ಒಂದೇ ಶೀಟಿಗೆ ಸಿಗುತ್ತದೆ. ಉಳಿದ ಪ್ರತಿ ಶೀಟು ಪಕ್ಕದ್ದರ ಮೇಲೆ ಮೂರು ಇಂಚು ಕೂರುತ್ತದೆ, ಹೊಸದಾಗಿ ಮುಚ್ಚುವುದು 39 ಇಂಚು ಮಾತ್ರ.

ನೆತ್ತಿ 40 ಅಡಿ, ತುದಿಗಳ ಹೊರಚಾಚು ಎರಡು ಅಡಿ. ಒಟ್ಟು 42 ಅಡಿ ಅಂದರೆ 504 ಇಂಚು. ಮೊದಲ ಶೀಟಿನ 42 ಇಂಚು ಕಳೆದರೆ 462 ಉಳಿಯಿತು. ಅದನ್ನು 39ರಿಂದ ಭಾಗಿಸಿದರೆ 11.85, ಮೇಲಕ್ಕೆ ಏರಿಸಿದರೆ 12. ಮೊದಲನೆಯದನ್ನು ಸೇರಿಸಿದರೆ 13. ಎರಡು ಇಳಿಜಾರಿಗೆ 26.

12 ಸಾಲು ತಂದಿದ್ದರೆ ಮುಚ್ಚುತ್ತಿದ್ದದ್ದು 471 ಇಂಚು. ಕೊನೆಯಲ್ಲಿ 33 ಇಂಚು ಬಯಲು. ಇದು ಕೊನೆಯ ಶೀಟು ಏರಿಸುವವರೆಗೂ ಗೊತ್ತಾಗುವುದಿಲ್ಲ, ಅದೇ ಇದರ ಕಿರಿಕಿರಿ.

## ಓವರ್‌ಲ್ಯಾಪಿನ ಪ್ರಶ್ನೆಗಳು

ಪಕ್ಕದ ಓವರ್‌ಲ್ಯಾಪ್ ಎಷ್ಟಿರಬೇಕು? ಅಂಗಡಿಯವರು ಹೇಳುವ ಮುಚ್ಚುವ ಅಗಲವನ್ನು ನಂಬಬಹುದಾ?

ಅದು ಶೀಟಿನ ಆಕಾರಕ್ಕೆ ಸೇರಿದ ವಿಷಯ. ಚೌಕ ಏಣಿನ ಶೀಟಾದರೆ ಒಂದು ಏಣಿನ ಮೇಲೆ ಇನ್ನೊಂದು ಏಣು ಕೂರುತ್ತದೆ. ಅಲ್ಲಿ ಹೆಚ್ಚುಕಡಿಮೆ ಮಾಡುವ ಮಾತೇ ಇಲ್ಲ. ಹೇಳಿದ ಅಗಲವನ್ನು ನಂಬಬಹುದು. ಆದರೂ ಎರಡು ಶೀಟನ್ನು ನೆಲದ ಮೇಲೆ ಜೋಡಿಸಿ ಒಟ್ಟು ಅಗಲ ಅಳೆಯಿರಿ. ಅದರಲ್ಲಿ ಒಂದು ಶೀಟಿನ ಅಗಲ ಕಳೆದರೆ ನಿಜವಾದ ಮುಚ್ಚುವ ಅಗಲ. ಎರಡು ನಿಮಿಷದ ಕೆಲಸ.

ಅಲೆ ಅಲೆಯಾಗಿರುವ ಶೀಟಿನಲ್ಲಿ ಮಾತ್ರ ಎಷ್ಟು ಅಲೆ ಕೂರಿಸುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಒಂದೂವರೆ ಅಲೆ ಸಾಮಾನ್ಯ ರೂಢಿ. ಗಾಳಿ ಮಳೆ ಜೋರಾಗಿ ಹೊಡೆಯುವ ಕಡೆ, ಅಥವಾ ಮಾಡು ತುಂಬ ತಗ್ಗಾಗಿದ್ದರೆ ಎರಡು ಅಲೆ ಕೂರಿಸುತ್ತಾರೆ. ಮುಚ್ಚುವ ಅಗಲ 39ರಿಂದ 36 ಇಂಚಿಗೆ ಇಳಿಯಿತು ಅಂದುಕೊಳ್ಳಿ. ಆಗ 462ನ್ನು 36ರಿಂದ ಭಾಗಿಸಬೇಕು, 12.83 ಬರುತ್ತದೆ. ಅದನ್ನು 13 ಮಾಡಿ ಮೊದಲನೆಯದನ್ನು ಸೇರಿಸಿದರೆ ಒಂದು ಕಡೆಗೆ 14 ಸಾಲು. ಮಾಡಿಗೆ 28 ಶೀಟು. ಇದನ್ನು ಆರ್ಡರ್ ಕೊಡುವ ಮೊದಲೇ ಕೆಲಸದವರ ಜೊತೆ ಮಾತಾಡಿಕೊಳ್ಳಿ. 26 ತಂದುಕೊಟ್ಟು "ಜಾಸ್ತಿ ಕೂರಿಸಿ" ಅಂದರೆ ಅವರು ಎಲ್ಲಿಂದ ತರುತ್ತಾರೆ?

ಒಂಟಿ ಇಳಿಜಾರಿನ ಮಾಡು. ಎರಡು 12 ಅಡಿ ಶೀಟನ್ನು ಮೇಲೆ ಕೆಳಗೆ ಜೋಡಿಸಿದರೆ ಸಾಕಾ?

ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳಬೇಕು. ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಅದೇ 20 ಅಡಿ ಅಗಲದ ಕಟ್ಟಡಕ್ಕೆ ಒಂದೇ ಕಡೆ ಇಳಿಯುವ ಮಾಡು ಹಾಕುತ್ತೀರಿ, ಎತ್ತರದ ಗೋಡೆ 4 ಅಡಿ ಜಾಸ್ತಿ ಇದೆ ಅಂತ ಇಟ್ಟುಕೊಳ್ಳೋಣ. ಈಗ ಅಡ್ಡ ದೂರ ಅರ್ಧ ಅಲ್ಲ, ಪೂರ್ತಿ 20. ಇಳಿಜಾರು 0.2 ಆಯಿತು, ಅಂದರೆ 11 ಡಿಗ್ರಿಯ ಆಸುಪಾಸು. ಎರಡೂ ಕಡೆ ಒಂದೂವರೆ ಅಡಿ ಚಾಚು ಸೇರಿ ಅಡ್ಡ ದೂರ 23 ಅಡಿ. 1.02ರಿಂದ ಗುಣಿಸಿದರೆ 23.46 ಅಡಿ. ಹನ್ನೆರಡು ಹನ್ನೆರಡು ಇಪ್ಪತ್ನಾಲ್ಕು, ಆರು ಇಂಚು ಮಿಕ್ಕಿತು, ಆರು ಇಂಚು ಓವರ್‌ಲ್ಯಾಪಿಗೆ ಸರಿಹೋಯಿತು. ನೋಡಲು ಎಷ್ಟು ಚೆನ್ನಾಗಿದೆ!

ಆದರೆ ಆರು ಇಂಚು ಸಾಕಾಗುವುದು ಕಡಿದಾದ ಮಾಡಿಗೆ, ಸುಮಾರು 15 ಡಿಗ್ರಿಯ ಮೇಲೆ. 10ರಿಂದ 15 ಡಿಗ್ರಿಯ ನಡುವೆ ಎಂಟು ಒಂಬತ್ತು ಇಂಚು ಇಡುವುದು ರೂಢಿ. ಅದಕ್ಕಿಂತ ತಗ್ಗಾದರೆ 12 ಇಂಚಿನವರೆಗೂ ಹೋಗುತ್ತದೆ, ನಡುವೆ ಸೀಲಂಟ್ ಪಟ್ಟಿಯೂ ಬೇಕು. ನಿಮ್ಮ ಶೀಟು ತಯಾರಿಸಿದವರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಕಾರಣ ಸರಳ. ತಗ್ಗು ಮಾಡಿನಲ್ಲಿ ನೀರು ನಿಧಾನವಾಗಿ ಹರಿಯುತ್ತದೆ. ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎರಡು ಶೀಟಿನ ನಡುವಿನ ಸಣ್ಣ ಸಂದಿಯೂ ನೀರನ್ನು ಮೇಲಕ್ಕೆ ಹೀರುತ್ತದೆ.

ಎಂಟು ಇಂಚು ಇಟ್ಟರೆ ಎರಡು ಶೀಟು ಮುಚ್ಚುವುದು 23.33 ಅಡಿ. ಬೇಕಿರುವುದು 23.46. ಒಂದೂವರೆ ಇಂಚು ಗಿಡ್ಡ. ಓವರ್‌ಲ್ಯಾಪನ್ನು ಕದಿಯುವುದಕ್ಕಿಂತ ಹೊರಚಾಚನ್ನು ಎರಡು ಇಂಚು ಕಡಿಮೆ ಮಾಡಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಚಾಚು ಅಷ್ಟೇ ಇರಬೇಕು ಅಂದರೆ ಒಂದು 12, ಒಂದು 14 ತನ್ನಿ. ಹೇಗಿದ್ದರೂ ಸಾಲು 13, ಶೀಟು 26.

ಮೇಲೆ ಕೆಳಗಿನ ಜೋಡಣೆ ಎಲ್ಲಿ ಬರಬೇಕು?

ಪರ್ಲಿನ್ ಮೇಲೆಯೇ, ಅಂದರೆ ರಾಫ್ಟರ್‌ಗಳ ಮೇಲೆ ಅಡ್ಡಕ್ಕೆ ಹಾಯುವ, ಶೀಟು ಕೂರುವ ಪಟ್ಟಿಯ ಮೇಲೆಯೇ ಬರಬೇಕು. ನಡುವೆ ಗಾಳಿಯಲ್ಲಿ ಬಂದರೆ ಯಾರಾದರೂ ಮೇಲೆ ಕಾಲಿಟ್ಟಾಗ ಜೋಡಣೆ ಬಾಯಿ ಬಿಡುತ್ತದೆ. ಸ್ಕ್ರೂ ಹಿಡಿಯಲು ಅಡಿಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಪರ್ಲಿನ್ ಎಲ್ಲಿದೆ ಅಂತ ನೋಡಿ ಶೀಟಿನ ಉದ್ದ ಆರಿಸಿ. ಪರ್ಲಿನ್ ಆಗಲೇ ಬೆಸುಗೆ ಹಾಕಿ ಆಗಿದ್ದರೆ ಸೂರಿನ ತುದಿಯಿಂದ ಒಂದೊಂದಕ್ಕೂ ಅಳತೆ ಬರೆದುಕೊಳ್ಳಿ. ಕೆಳಗಿನ ಶೀಟು ಆ ಪರ್ಲಿನ್ ದಾಟಿ ಕೆಲವು ಇಂಚು ಮೇಲೆ ಹೋಗುವಷ್ಟು ಉದ್ದ ಇರಬೇಕು. ಉದ್ದ ಮಿಕ್ಕರೆ ಓವರ್‌ಲ್ಯಾಪಿನಲ್ಲೇ ಮಿಗಲಿ, ಅದರಿಂದ ತೊಂದರೆ ಇಲ್ಲ.

ನೆತ್ತಿಯಲ್ಲಿ ಎರಡು ಕಡೆಯ ಶೀಟು ಒಂದರ ಮೇಲೊಂದು ಬರಬೇಕಾ? ಅದಕ್ಕೆ ಉದ್ದ ಸೇರಿಸಬೇಕಾ?

ಬೇಡ. ಶೀಟು ನೆತ್ತಿಯ ನಡುಗೆರೆಗಿಂತ ಒಂದೆರಡು ಇಂಚು ಕೆಳಗೇ ನಿಲ್ಲುತ್ತದೆ. ಆ ಸಂದಿಯನ್ನು ರಿಡ್ಜ್ ಮುಚ್ಚುತ್ತದೆ. ಇತ್ತ ಸೂರಿನಲ್ಲಿ ಶೀಟು ಕೊನೆಯ ಮರದ ಪಟ್ಟಿಯನ್ನು ದಾಟಿ ಸುಮಾರು ಎರಡು ಇಂಚು ಮಳೆನೀರಿನ ದೋಣಿಯೊಳಗೆ ಚಾಚಬೇಕು. ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಖರ್ಚಾಯಿತು.

ರಿಡ್ಜ್ ತುಂಡುಗಳ ಲೆಕ್ಕವೂ ಸಾಲಿನ ಲೆಕ್ಕದಂತೆಯೇ. 8 ಅಡಿಯ ತುಂಡು, ಆರು ಇಂಚು ಓವರ್‌ಲ್ಯಾಪ್ ಆದರೆ ಮೊದಲನೆಯದು 8 ಅಡಿ, ಉಳಿದವು ಏಳೂವರೆ. 42 ಅಡಿಗೆ ಆರು ತುಂಡು.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಎಲ್ಲ ಲೆಕ್ಕ ಹಾಕಿಯೇ ತಂದಿದ್ದು, ಆದರೂ ಎರಡೂವರೆ ಇಂಚು ಗಿಡ್ಡ ಬಂತು. ಎಲ್ಲಿ ತಪ್ಪಿತು?

ಎರಡೂವರೆ ಇಂಚು ಅಂದ ಕೂಡಲೇ ನನಗೆ ಗೊತ್ತಾಗುತ್ತದೆ, ಏಕೆಂದರೆ ಈ ತಪ್ಪನ್ನು ನಾನೂ ಮಾಡಿದ್ದೇನೆ. ಹೊರಚಾಚು ಸೇರಿಸಿದ ಅಡ್ಡ ದೂರವನ್ನೂ, ಹೊರಚಾಚು ಸೇರಿಸದ ಏರನ್ನೂ ಒಟ್ಟಿಗೆ ಹಾಕಿರುತ್ತೀರಿ. ಅಂದರೆ ಹೀಗೆ:

```
sqrt(11.5 * 11.5 + 4 * 4) = 12.18
```

ನಾಲ್ಕು ಅಡಿಯ ಏರು ಗೋಡೆಯಿಂದ ನೆತ್ತಿಗೆ. ಆದರೆ ಸೂರು ಗೋಡೆಯಿಂದ ಹೊರಗೆ ಹೋದಂತೆ ಕೆಳಕ್ಕೂ ಇಳಿಯುತ್ತದೆ. ಒಂದೂವರೆ ಅಡಿ ಹೊರಗೆ ಹೋದರೆ 0.6 ಅಡಿ ಇಳಿಯುತ್ತದೆ. ಹಾಗಾಗಿ ಸೂರಿನ ತುದಿಯಿಂದ ನೆತ್ತಿಗೆ ಏರು 4.6 ಅಡಿ. ಅದನ್ನು ಹಾಕಿದರೆ 12.39 ಸರಿಯಾಗಿ ಬರುತ್ತದೆ. ಗುಣಕ ಬಳಸಿದರೆ ಈ ತಪ್ಪಾಗುವುದೇ ಇಲ್ಲ, ಅದಕ್ಕೇ ನಾನು ಗುಣಕದ ದಾರಿ ಹಿಡಿದೆ.

ಅಂಗಡಿಯಲ್ಲಿ 12 ಅಡಿಯ ಶೀಟು ಮಾತ್ರ ಇದೆ, ನನಗೆ ಬೇಕಿರುವುದು 12 ಅಡಿ 5 ಇಂಚು. ಏನು ಮಾಡಲಿ?

ಐದು ಇಂಚಿಗಾಗಿ ಅಡಿಯಲ್ಲೊಂದು ತುಂಡು ಸೇರಿಸಬೇಡಿ. ಪ್ರತಿ ಸಾಲಿಗೂ ಒಂದು ಜೋಡಣೆ, ಪ್ರತಿ ಜೋಡಣೆಗೂ ಒಂದು ಸೋರುವ ಜಾಗ. ಸೂರನ್ನೇ ಹಿಂದಕ್ಕೆ ತನ್ನಿ. 12 ಅಡಿಯನ್ನು 1.077ರಿಂದ ಭಾಗಿಸಿದರೆ 11.14 ಅಡಿ. ಗೋಡೆಯವರೆಗಿನ 10 ಕಳೆದರೆ ಹೊರಚಾಚಿಗೆ 1.14, ಅಂದರೆ ಒಂದು ಅಡಿ ಒಂದೂವರೆ ಇಂಚಿನಷ್ಟು. ಗೋಡೆ ನೆನೆಯದಿರಲು ಅಷ್ಟು ಚಾಚು ನಿಮಗೆ ಸಾಕೆನ್ನಿಸಿದರೆ ಮುಗಿಯಿತು. ಸಾಲದು ಅನ್ನಿಸಿದರೆ ಉದ್ದದ ಶೀಟು ತರಿಸಿ. ಈ ನಿರ್ಧಾರ ರಾಫ್ಟರ್ ಕತ್ತರಿಸುವ ಮೊದಲೇ ಆಗಬೇಕು.

ನೂರಕ್ಕೆ ಹತ್ತು ಜಾಸ್ತಿ ತರಬೇಕು ಅಂತಾರೆ. ನಿಜವಾ?

ಎರಡು ಇಳಿಜಾರಿನ ನೇರ ಮಾಡಿಗೆ ಬೇಡ. ಸಾಲಿನ ಲೆಕ್ಕದಲ್ಲಿ ಓವರ್‌ಲ್ಯಾಪೂ ಸೇರಿದೆ, ಮೇಲಕ್ಕೆ ಏರಿಸಿದ್ದೂ ಸೇರಿದೆ. ಸಾಗಿಸುವಾಗ ಬಾಗಿದರೆ, ತಪ್ಪು ಕತ್ತರಿಸಿದರೆ ಇರಲಿ ಅಂತ ಒಂದು ಶೀಟು ಹೆಚ್ಚು ತನ್ನಿ. ಆ ಹತ್ತು ಪಾಲಿನ ಮಾತು ಚದರಡಿಯಲ್ಲಿ ಲೆಕ್ಕ ಹಾಕುವವರ ಮದ್ದು. ನಮ್ಮ ಉದಾಹರಣೆಯಲ್ಲಿ 19ಕ್ಕೆ ಹತ್ತು ಪಾಲು ಸೇರಿಸಿದರೂ 21. ಅದರಿಂದ ಈ ಮಾಡು ಮುಚ್ಚುವುದಿಲ್ಲ.

ನಾಲ್ಕೂ ಕಡೆ ಇಳಿಯುವ ಮಾಡಿಗೆ ಇದೇ ಲೆಕ್ಕ ನಡೆಯುತ್ತಾ?

ಸಾಲು ಎಣಿಸುವ ರೀತಿ ಅದೇ. ಆದರೆ ಪ್ರತಿ ಸಾಲಿಗೂ ಉದ್ದ ಬೇರೆ. ತುದಿಯ ತ್ರಿಕೋನವನ್ನು ನೋಡೋಣ. ಎಲ್ಲ ಕಡೆ ಇಳಿಜಾರು 0.4, ಎಲ್ಲ ಕಡೆ ಚಾಚು ಒಂದೂವರೆ ಅಡಿ. ತ್ರಿಕೋನದ ಬುಡ 23 ಅಡಿ, ಅಂದರೆ 276 ಇಂಚು. 42 ಕಳೆದು 39ರಿಂದ ಭಾಗಿಸಿದರೆ ಆರು, ಒಟ್ಟು ಏಳು ಸಾಲು.

ಒಂದು ಸಾಲಿಗೆ ಬೇಕಾದದ್ದು ಅದರ ಉದ್ದನೆಯ ಅಂಚಿನಷ್ಟು ಶೀಟು. ಮೂಲೆಯಿಂದ ಆ ಅಂಚಿಗೆ ಬುಡದಲ್ಲಿರುವ ದೂರವನ್ನು 1.077ರಿಂದ ಗುಣಿಸಿದರೆ ಉದ್ದ ಸಿಗುತ್ತದೆ. ಮೊದಲ ಸಾಲಿನ ಒಳ ಅಂಚು ಮೂಲೆಯಿಂದ 42 ಇಂಚು, ಎರಡನೆಯದು 81, ಮೂರನೆಯದು 120. ಉದ್ದಗಳನ್ನು ಅರ್ಧ ಅಡಿಗೆ ಏರಿಸಿದರೆ 4, 7.5 ಮತ್ತು 11 ಅಡಿ. ನಡುವಿನ ಸಾಲು ತುದಿಯವರೆಗೂ ಹೋಗುವುದರಿಂದ 12.5. ಆಚೆ ಬದಿಯಲ್ಲಿ ಅದೇ ಮೂರು ಮತ್ತೆ. ಒಟ್ಟು 57.5 ಅಡಿ ಉದ್ದದ ಶೀಟು, ಅಂದರೆ 201 ಚದರಡಿ. ತ್ರಿಕೋನದ ಮೈ ಇರುವುದು 142 ಚದರಡಿ ಮಾತ್ರ. ಉಳಿದದ್ದು ಓವರ್‌ಲ್ಯಾಪು ಮತ್ತು ಓರೆ ತುಂಡುಗಳು.

ಆ ಓರೆ ತುಂಡುಗಳನ್ನು ಇನ್ನೊಂದು ಕಡೆ ಬಳಸಬಹುದಲ್ವಾ?

ಬಳಸಬಹುದು, ಆದರೆ ಎಲ್ಲಿ ಅನ್ನುವುದು ಮುಖ್ಯ. ಕತ್ತರಿಸಿ ಉಳಿದ ತುಂಡನ್ನು ಅಡಿಮೇಲು ತಿರುಗಿಸಿದರೆ ಓರೆ ಮತ್ತೆ ಅದೇ ಕಡೆಗೆ ಬರುತ್ತದೆ. ಹಾಗಾಗಿ ಎದುರು ನಿಂತು ನೋಡಿದಾಗ ಎಡ ಮೂಲೆಯಿಂದ ಉಳಿದ ತುಂಡು ಇನ್ನೊಂದು ಇಳಿಜಾರಿನ ಎಡ ಮೂಲೆಗೇ ಹೋಗುತ್ತದೆ, ಬಲಕ್ಕೆ ಹೊಂದುವುದಿಲ್ಲ. ಬಲಕ್ಕೆ ಹೊಂದಿಸಲು ಮಗುಚಿ ಹಾಕಿದರೆ ಬಣ್ಣದ ಮೈ ಅಡಿಗೆ ಹೋಗುತ್ತದೆ.

ಇನ್ನೊಂದು ತೊಡಕಿದೆ. ಕೆಲವು ಶೀಟುಗಳಲ್ಲಿ ಒಂದು ಬದಿಯ ಏಣು ಅಡಿಯಲ್ಲಿ ಕೂರಲು, ಇನ್ನೊಂದು ಬದಿಯದು ಮೇಲೆ ಕೂರಲು ಮಾಡಿರುತ್ತಾರೆ. ಅಡಿಯದ್ದರಲ್ಲಿ ನೀರು ಹರಿದುಹೋಗಲು ಸಣ್ಣ ಕಾಲುವೆ ಇರುತ್ತದೆ. ತುಂಡನ್ನು ತಿರುಗಿಸಿದರೆ ಅವು ಅದಲುಬದಲಾಗುತ್ತವೆ. ಅಂಥ ಶೀಟಾದರೆ ಓರೆ ತುಂಡಿನ ಆಸೆ ಬಿಟ್ಟು ಪೂರ್ತಿ ಲೆಕ್ಕ ಹಾಕಿ.

13 ಸಾಲು ತಂದೆವು, 10ನೇ ಸಾಲಿಗೆ ಬಂದಾಗ ಶೀಟು ಓರೆಯಾಗಿ ನಿಂತಿದೆ. ಲೆಕ್ಕ ತಪ್ಪಾ, ಕೆಲಸ ತಪ್ಪಾ?

ಎರಡೂ ಇರಬಹುದು. ಮೊದಲು ಚೌಕಟ್ಟಿನ ಒಂದು ಇಳಿಜಾರಿನ ಎರಡು ಕರ್ಣಗಳನ್ನು ಅಳೆಯಿರಿ. ಮೂಲೆಯಿಂದ ಎದುರು ಮೂಲೆಗೆ. ಎರಡೂ ಒಂದೇ ಬರಬೇಕು. ಬರದಿದ್ದರೆ ಕಟ್ಟಡವೇ ಮೂಲೆಮಟ್ಟಕ್ಕಿಲ್ಲ. ಆಗ ನೆತ್ತಿಯಿಂದ ಸೂರಿಗೆ ಎರಡು ತುದಿಯಲ್ಲೂ ನಡುವೆಯೂ ಅಳೆದು ಎಲ್ಲಕ್ಕಿಂತ ಉದ್ದದ್ದಕ್ಕೆ ಶೀಟು ತರಬೇಕಿತ್ತು. ಇದನ್ನು ಆರ್ಡರ್ ಕೊಡುವ ಮೊದಲೇ ಮಾಡಬೇಕು.

ಕರ್ಣ ಸರಿಯಿದ್ದರೆ ಕೂರಿಸುವಾಗ ಶೀಟು ಹಿಗ್ಗಿದೆ. ಏಣು ಸರಿಯಾಗಿ ಕೂರದೆ ಒಂದೊಂದರಲ್ಲೂ ಸೂರಿನ ಕಡೆ ಕಾಲು ಇಂಚು ಸರಿದರೂ ಹತ್ತನೇ ಸಾಲಿಗೆ ಎರಡೂಕಾಲು ಇಂಚು. ಸೂರಿಗೆ ದಾರ ಕಟ್ಟಿ, ನಾಲ್ಕು ಶೀಟಿಗೊಮ್ಮೆ ನೆತ್ತಿಯಲ್ಲೂ ಸೂರಿನಲ್ಲೂ ಮೊದಲ ಅಂಚಿನಿಂದ ದೂರ ಅಳೆಯಿರಿ. ನಮ್ಮ ಶೀಟಿಗೆ ನಾಲ್ಕನೆಯದು ಮುಗಿದಾಗ ಎರಡೂ ಕಡೆ 159 ಇಂಚು ಇರಬೇಕು. ಎಂಟಕ್ಕೆ 315.